ಸ್ಟೇಟಸ್ ಸುಪುತ್ರ

ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಯಾವ ಬಸ್‌ಸ್ಟ್ಯಾಂಡಿನಲ್ಲಿ ನಿಂತರೂ ಈತ ಕಣ್ಣಿಗೆ ಬೀಳುತ್ತಾನೆ. ಗೆಳೆಯನ ತಾಯಿಯ ಹುಟ್ಟುಹಬ್ಬಕ್ಕೆ ಗೆಳೆಯನಿಗಿಂತ ಮೊದಲೇ, ನಡುರಾತ್ರಿ ಹನ್ನೆರಡಕ್ಕೆ ಸ್ಟೇಟಸ್ ಹಾಕುವವನು. ನಡುವೆ ಆಕೆಯ ಫೋಟೊ. ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿದ್ದು, ಪಕ್ಕದವರ ಕೈ ಭುಜದ ಮೇಲೆ ಹಾಗೇ ಉಳಿದಿದೆ. ಮೇಲೆ ‘ಮಾತೃಹೃದಯಿ, ಸ್ನೇಹಜೀವಿ’. ಕೆಳಗೆ ‘ಶುಭ ಕೋರುವವರು’ ಎಂದು ಕೂಲಿಂಗ್ ಗ್ಲಾಸಿನ ಈತನೇ, ಆಕೆಗಿಂತ ತುಸು ದೊಡ್ಡದಾಗಿ. ಪುರಸಭೆ ಸದಸ್ಯರ ಫ್ಲೆಕ್ಸು ನೋಡಿ ಕಲಿತ ವಿದ್ಯೆ. ಪ್ರೀತಿಗೇನೂ ಕೊರತೆಯಿಲ್ಲ, ಆದರೆ ಅದನ್ನು ನೋಡುವವರೆಲ್ಲ ಈತನ ಗೆಳೆಯರು. ಆಕೆಗೆ ಆಗ ಗಾಢ ನಿದ್ದೆ.

ತಾರೀಖೂ ಅನುಮಾನದ್ದೇ. ಆಧಾರ್ ಕಾರ್ಡಿನಲ್ಲಿ ಜೂನ್ 1 ಎಂದಿದ್ದರೆ ಅದು ಹೆತ್ತವರು ಹೇಳಿದ್ದಕ್ಕಿಂತ ಹೆಡ್‌ಮಾಸ್ತರರು ಬರೆದದ್ದೇ ಇರಬೇಕು. ದಿನ ಗೊತ್ತಿಲ್ಲದ ಮಕ್ಕಳಿಗೆ ಶಾಲೆ ಶುರುವಾಗುವ ತಿಂಗಳಿನ ಮೊದಲ ದಿನವನ್ನೇ ಬರೆದುಕೊಳ್ಳುವ ರೂಢಿ ಇತ್ತು. ಹೀಗಾಗಿ ಓಣಿಗೆ ಓಣಿಯೇ ಒಂದೇ ದಿನ ಹುಟ್ಟಿದೆ. ಆಕೆಯ ಲೆಕ್ಕ ‘ಕೊಟ್ಟೂರು ತೇರಿನ ಹಿಂದಿನ ವಾರ’ ಅಂತಿರುತ್ತದೆ. ತೇರು ಎಳೆಯುವುದು ಮಾಘದಲ್ಲಿ. ಜೂನಿಗೂ ಅದಕ್ಕೂ ಮೂರು-ನಾಲ್ಕು ತಿಂಗಳ ಅಂತರ. ಗೆಳೆಯನ ಮೂಲಕ ಈ ಲೆಕ್ಕ ಕೇಳಿ ತಿಳಿದವನು ಅರ್ಧ ಶುಭಾಶಯ ಹೇಳಿದಂತೆಯೇ. ಕಾಗದದ ದಿನವನ್ನೇ ಮನೆಯವರು ಒಪ್ಪಿಕೊಂಡಿದ್ದರೆ ಮಾತ್ರ ತಕರಾರು ಬೇಡ.

ಇನ್ನು ಮಾತು. ‘ನೂರು ಕಾಲ ಬಾಳಿ’ ಎನ್ನುವುದು ನಮ್ಮಲ್ಲಿ ಹಿರಿಯರ ಹಕ್ಕು. ಇಪ್ಪತ್ತೈದರ ಹುಡುಗ ಅರವತ್ತರ ಹೆಂಗಸನ್ನು ಹರಸಹೊರಟರೆ ಅಧಿಕಾರ ಅದಲುಬದಲಾಗುತ್ತದೆ. ಆತ ಕೇಳಬೇಕಾದ್ದು ಆಶೀರ್ವಾದ: “ಅವ್ವಾ, ಇವತ್ತು ನಿಮ್ಮ ಹುಟ್ಟಿದ ದಿನ ಅಂತ ಗೊತ್ತಾತು. ಪರೀಕ್ಷೆ ದಿನ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ರಿ, ಮರೆತಿಲ್ಲ. ಆಶೀರ್ವಾದ ಮಾಡ್ರಿ.” ಆ ಚಟ್ನಿ ಆಕೆಯದೇ, ಇನ್ನೊಬ್ಬರ ತಾಯಿಗೆ ಕಳಿಸಲು ಬರುವುದಿಲ್ಲ. ‘ಮಾತೃಹೃದಯಿ’ಯನ್ನಾದರೆ ಹೆಸರು ಬದಲಿಸಿ ಇಡೀ ತಾಲ್ಲೂಕಿಗೆ ಹಂಚಬಹುದು.

‘ನಾನಿರೋದು ಬೆಂಗಳೂರಲ್ಲಿ, ಕಾಲಿಗೆ ಬೀಳೋಕೆ ಹೇಗೆ ಬರಲಿ?’ ಎಂಬುದು ಆತನ ಆಕ್ಷೇಪ. ಬರಬೇಕಿಲ್ಲ, ಬೆಳಗ್ಗೆ ಫೋನು ಮಾಡಿದರೆ ಸಾಕು. ‘ಕೇಕಾದರೂ ಕಳಿಸಲೇ?’ ಮೊಟ್ಟೆ ಮುಟ್ಟದ ಮನೆಯೇ ಎಂದು ಮೊದಲು ವಿಚಾರಿಸಲಿ. ದೀಪ ಹಚ್ಚುವ ಕೈಗೆ ಮೇಣದಬತ್ತಿ ಆರಿಸಲು ಹೇಳುವುದೂ ಮುಜುಗರವೇ. ಹಡಗಲಿ ಮಲ್ಲಿಗೆ ಮೇಲು, ಆದರೆ ಎಲ್ಲರಿಗೂ ಅಲ್ಲ: ಗಂಡನನ್ನು ಕಳೆದುಕೊಂಡ ಮೇಲೆ ಹೂ ಮುಡಿಯುವುದನ್ನು ಬಿಟ್ಟವರಿದ್ದಾರೆ. ಆ ರೂಢಿ ಸರಿಯೇ ಎಂಬ ಜಗಳವನ್ನು ಆಕೆಯ ಹುಟ್ಟಿದ ದಿನವೇ ತೆಗೆಯಬೇಕಿಲ್ಲ. ದೇವರಿಗೆ ಏರಿಸಲೆಂದು ಕೊಟ್ಟರೆ ಯಾರೂ ಬೇಡ ಎನ್ನರು. ಇಷ್ಟೆಲ್ಲ ಆದ ಮೇಲೆ ಆತ ಸ್ಟೇಟಸ್ ಹಾಕಿಕೊಳ್ಳಲಿ, ಪಕ್ಕದವರ ಕೈಯನ್ನು ಸರಿಯಾಗಿ ಕತ್ತರಿಸಿ.