ಗಾಳಿಯಲ್ಲಿರುವ ಹುಣಸೆಹಣ್ಣಿನ ಕಳವು

ಪ್ರಥಮ ವರ್ಷದ ಕಾನೂನು ತರಗತಿಯ ಕಿರುಪರೀಕ್ಷೆಗೆ ಅಪರಾಧ ಕಾನೂನಿನ ಬಹುಆಯ್ಕೆ ಪ್ರಶ್ನೆಗಳನ್ನು ರಚಿಸುವ ಅಧ್ಯಾಪಕನು ಸರಿಯುತ್ತರಕ್ಕೆ ಅರೆನಿಮಿಷವನ್ನೂ, ಅದರ ಪಕ್ಕದಲ್ಲಿ ಕೂರಬೇಕಾದ ಮೂರು ತಪ್ಪುತ್ತರಗಳಿಗೆ ಇಡೀ ಸಂಜೆಯನ್ನೂ ಖರ್ಚು ಮಾಡುತ್ತಾನೆ. ಸಂಬಳ ಪಡೆದು ಮಕ್ಕಳನ್ನು ದಾರಿತಪ್ಪಿಸುವ ಈ ಕೆಲಸದಲ್ಲಿ ಅವನಿಗೆ ಸಿಗುವ ಸಂತೋಷವು ಮರ್ಯಾದಸ್ಥರು ಬಾಯಿಬಿಟ್ಟು ಹೇಳಿಕೊಳ್ಳುವಂಥದ್ದಲ್ಲ. ಪರೀಕ್ಷಾಶಾಸ್ತ್ರದಲ್ಲಿ ಡಿಸ್ಟ್ರಾಕ್ಟರ್ ಎಂದು ಕರೆಯಲಾಗುವ ಈ ತಪ್ಪುತ್ತರವು ಅರೆಬರೆ ಓದಿದವನನ್ನು ಸೆಳೆಯಬೇಕು, ಸರಿಯಾಗಿ ಓದಿದವನನ್ನು ಬಿಟ್ಟುಬಿಡಬೇಕು. ನೂರಕ್ಕೆ ಐವರೂ ಆರಿಸದ ಆಯ್ಕೆಯನ್ನು ಸತ್ತದ್ದೆಂದು ಲೆಕ್ಕ ಹಾಕುವ ರೂಢಿಯಿರುವುದರಿಂದ, 60 ಜನರ ತರಗತಿಯಲ್ಲಿ ಪ್ರತಿಯೊಂದು ತಪ್ಪುತ್ತರಕ್ಕೂ ಮೂವರಾದರೂ ಬೀಳಬೇಕು. ಕಳವಿನ ಪ್ರಶ್ನೆಗೆ ನಾಲ್ಕನೆಯ ಆಯ್ಕೆಯಾಗಿ 'ರಾಜದ್ರೋಹ' ಎಂದು ಬರೆದು ಕೈತೊಳೆದುಕೊಳ್ಳುವ ಗೈಡುಗಳ ಕರ್ತೃಗಳಿಗೆ ಈ ಶ್ರಮದ ಪರಿಚಯವೇ ಇಲ್ಲ.

1 ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನ ಪ್ರಕಾರ, ಇನ್ನೊಬ್ಬನ ಸ್ವಾಧೀನದಲ್ಲಿರುವ ಚರ ಸ್ವತ್ತನ್ನು ಅವನ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ, ತೆಗೆದುಕೊಳ್ಳುವುದಕ್ಕಾಗಿ ಕದಲಿಸುವುದೇ ಕಳವು. ಸಂಹಿತೆಯ ಉದಾಹರಣೆಗಳಲ್ಲಿ ಬರುವ ಎ ಮತ್ತು ಝಡ್ ಎಂಬ ಮಹನೀಯರು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಂದ ಬಂದ ವಿದ್ಯಾರ್ಥಿಗಳಿಗೆ ಯಾವ ರೀತಿಯಿಂದಲೂ ನೆಂಟರಲ್ಲವಾದ್ದರಿಂದ, ಶಿರಾ ಕಡೆಯ ಹೊಲವೊಂದರ ಹುಣಸೆಮರವನ್ನು ಪ್ರಶ್ನೆಗೆ ತರುವುದು ಉಚಿತವೆನಿಸುತ್ತದೆ. ಒಬ್ಬನು ರಾತ್ರಿ ಕೊಂಬೆ ಅಲ್ಲಾಡಿಸುತ್ತಾನೆ, ಹಣ್ಣು ಉದುರುತ್ತದೆ, ಅದನ್ನು ಮುಟ್ಟುವ ಮೊದಲೇ ಮರದ ಒಡೆಯ ಬರುತ್ತಾನೆ. ನಡೆದ ಅಪರಾಧ ಯಾವುದು?

ನೆಲಕ್ಕೆ ಅಂಟಿಕೊಂಡಿರುವ ವಸ್ತು ಚರ ಸ್ವತ್ತಲ್ಲ, ಬೇರ್ಪಟ್ಟ ಕೂಡಲೇ ಅದು ಕಳವಿಗೆ ಅರ್ಹವಾಗುತ್ತದೆ, ಬೇರ್ಪಡಿಸಿದ ಕ್ರಿಯೆಯೇ ಕದಲಿಸುವ ಕ್ರಿಯೆಯೂ ಆಗಬಹುದು ಎಂದು ಕಲಮಿನ ವಿವರಣೆಗಳು ಹೇಳುತ್ತವೆ. ಹೀಗಾಗಿ ತೊಟ್ಟು ಕಳಚಿದ ಹಣ್ಣು ಇನ್ನೂ ನೆಲ ಮುಟ್ಟದೆ ಗಾಳಿಯಲ್ಲಿರುವಾಗಲೇ ಕಳವು ಪೂರ್ಣಗೊಂಡಿರುತ್ತದೆ. ಅದೇ ಹಣ್ಣನ್ನು ಬಿರುಗಾಳಿ ಉದುರಿಸಿದ್ದರೆ, ಅವನು ಬಾಗಿ ಎತ್ತುವವರೆಗೂ ಕಳವಿಲ್ಲ. ಈ ಸೊಗಸಿಗೆ ಮನಸೋತ ಪ್ರಶ್ನೆಕರ್ತನು, ಓಡುವಾಗ ಕಳ್ಳನು ಒಡೆಯನತ್ತ ಹೆಂಟೆಯೊಂದನ್ನು ಎಸೆದನೆಂದು ಸೇರಿಸಿ, ಸುಲಿಗೆಗೂ ಬಾಗಿಲು ತೆರೆಯುತ್ತಾನೆ. ಸುಲಿಗೆಯೆಂದರೆ ಕಳವಿಗಾಗಿ ಅಥವಾ ಕದ್ದದ್ದನ್ನು ಒಯ್ಯುವುದಕ್ಕಾಗಿ ಗಾಯಪಡಿಸುವುದು ಇಲ್ಲವೇ ಹೆದರಿಸುವುದು. ಮಾಲನ್ನು ಬಿಟ್ಟು ತಪ್ಪಿಸಿಕೊಳ್ಳಲಷ್ಟೇ ಹೆಂಟೆ ಎಸೆದರೆ ಅದು ಸುಲಿಗೆಯಾಗದು. ಈಗ ಆಯ್ಕೆಗಳು ತಾವಾಗಿಯೇ ಸಾಲುಗಟ್ಟುತ್ತವೆ: (ಅ) ಗಾಯಪಡಿಸುವಿಕೆ ಮಾತ್ರ, (ಆ) ಕಳವಿನ ಯತ್ನ ಮತ್ತು ಗಾಯಪಡಿಸುವಿಕೆ, (ಇ) ಕಳವು ಮತ್ತು ಗಾಯಪಡಿಸುವಿಕೆ, (ಈ) ಸುಲಿಗೆ. ಹಣ್ಣು ಮರದ್ದು, ಮರ ನೆಲದ್ದು ಎಂದಷ್ಟೇ ನೆನಪಿರುವವನು ಮೊದಲನೆಯದಕ್ಕೆ, ಮನೆಗೆ ಒಯ್ದರೆ ಮಾತ್ರ ಕಳವೆಂದು ತಿಳಿದವನು ಎರಡನೆಯದಕ್ಕೆ, ಹೆಂಟೆ ಕಂಡೊಡನೆ ಉಳಿದದ್ದನ್ನು ಓದದವನು ಕೊನೆಯದಕ್ಕೆ ಬೀಳುತ್ತಾನೆ.

ಆದರೆ ಮುಂದಿನ ಬೆಂಚಿನ ತರ್ಕನಿಪುಣರನ್ನು ನೆನೆದ ಕೂಡಲೇ ಪ್ರಶ್ನೆ ಬೆಳೆಯತೊಡಗುತ್ತದೆ. ಕಳ್ಳನು ಹೊಲದೊಳಗೆ ಕಾಲಿಟ್ಟರೆ ಅತಿಕ್ರಮ ಪ್ರವೇಶವೂ ಆಗುತ್ತದೆಯಾದ್ದರಿಂದ, ಕೊಂಬೆಯನ್ನು ಬೇಲಿಯಾಚೆ ರಸ್ತೆಯ ಮೇಲಕ್ಕೆ ಚಾಚಿಸಬೇಕು. ಮರ ತನ್ನದೆಂದು ಅವನು ನಿಜವಾಗಿ ನಂಬಿದ್ದರೆ ಅಪ್ರಾಮಾಣಿಕ ಉದ್ದೇಶವೇ ಇರದಾದ್ದರಿಂದ, ಅವನಿಗೆ ಎಲ್ಲವೂ ಗೊತ್ತಿತ್ತೆಂದು ಬರೆಯಬೇಕು. ಹೆಂಟೆ ದೊಡ್ಡದಾದರೆ ಕೊಲೆಯತ್ನದ ವಾದ ಹುಟ್ಟುತ್ತದೆ, ತಗುಲದಿದ್ದರೆ ಗಾಯವಿಲ್ಲ. ಆದ್ದರಿಂದ ಅದು ಸಣ್ಣದಾಗಿದ್ದು, ಮೊಣಕೈಗೆ ತಗುಲಿ, ನೋವನ್ನುಂಟುಮಾಡಿ, ಮೂಳೆ ಮುರಿಯದೆ ಉಳಿಯಬೇಕು. ಫಸಲನ್ನು ಚೇಣಿಗೆ ಕೊಟ್ಟಿದ್ದರೆ ಸ್ವಾಧೀನ ಯಾರದು? ಕೊಟ್ಟಿಲ್ಲವೆಂದು ಸ್ಪಷ್ಟಪಡಿಸಬೇಕು. ಕೊನೆಗೆ ಒಂದು ಅಂಕದ ಪ್ರಶ್ನೆ ಕ್ರಯಪತ್ರದಷ್ಟು ಉದ್ದವಾಗಿ, ಚೆಕ್ಕುಬಂದಿಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಒಳಗೊಳ್ಳುತ್ತದೆ.

ಇದೇ ಉತ್ಸಾಹದಲ್ಲಿ ಪಾವಗಡದ ಕಡಲೆಕಾಯಿ ಹೊಲಕ್ಕೆ ಕೈಹಾಕಿದರೆ ನಗು ಅಲ್ಲಿಗೆ ನಿಲ್ಲುತ್ತದೆ. ಕಿತ್ತ ಹೊಲದಲ್ಲಿ ಉಳಿದ ಕಾಯಿಗಳನ್ನು ಆಯುವ ಹಕ್ಕಲಿಗೆ ಒಡೆಯನ ಮೌನ ಸಮ್ಮತಿಯಿದೆಯೆಂಬುದು ರೂಢಿ, ಮತ್ತು ಸಂಹಿತೆಯು ಒಪ್ಪಿಗೆ ಸೂಚಿತವಾಗಿಯೂ ಇರಬಹುದೆಂದು ಹೇಳುತ್ತದೆ. ಒಡೆಯನು ಈ ವರ್ಷ ಬೇಡವೆಂದಿದ್ದರೆ? 'ಕಳವು' ಎಂಬ ಆಯ್ಕೆ ಆಗ ಬಲವಾಗಿ ನಿಲ್ಲುತ್ತದೆ. ಹಕ್ಕಲು ಆಯ್ದ ತಾಯಿಯ ಮಗಳು ಅದಕ್ಕೇ ಗುರುತು ಹಾಕಬೇಕಾಗುತ್ತದೆ. ಸ್ವತ್ತಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಅಪರಾಧಿಗೆ ಅದು ಮೊದಲ ಶಿಕ್ಷೆಯಾಗಿದ್ದು, ಸ್ವತ್ತನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆಯೆಂಬ ಹೊಸ ನಿಯಮವು ದಂಡನೆಯನ್ನು ಹಗುರಗೊಳಿಸುತ್ತದೆಯೇ ಹೊರತು ಆ ಹೆಸರನ್ನು ಅಳಿಸುವುದಿಲ್ಲ. ಈ ಪ್ರಶ್ನೆಯನ್ನು ಎರಡು ಪುಟ ಬರೆಯುವ ವಿಭಾಗಕ್ಕೆ ಸಾಗಿಸಿ, ಖಾಲಿಯಾದ ಜಾಗದಲ್ಲಿ ಡಕಾಯಿತಿಗೆ ಕನಿಷ್ಠ ಎಷ್ಟು ಜನ ಬೇಕೆಂದು ಕೇಳುವುದು ಸುಲಭ. ಉತ್ತರ ಐದು, ತಪ್ಪುತ್ತರಗಳು ಮೂರು, ನಾಲ್ಕು, ಏಳು, ಮತ್ತು ಅಷ್ಟನ್ನು ಗೈಡಿನವರೂ ರಚಿಸಬಲ್ಲರು.