ಸುಮ್ನೆ ಒಂದೇ ಸಾಲು ಸಾರ್

ಬಡಾವಣೆಯಲ್ಲಿ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರು ಇದ್ದರೆ ಸುತ್ತಲ ನಾಲ್ಕು ಬೀದಿಗಳ ಅನುವಾದ ಇಲಾಖೆ ಅವರ ಜಗಲಿಯಲ್ಲೇ ನಡೆಯುತ್ತದೆ. ಸಂಬಳವಿಲ್ಲ, ರಜೆಯೂ ಇಲ್ಲ. ಅರ್ಜಿಗಳೆಲ್ಲ ಒಂದೇ ಧಾಟಿಯವು: ‘ಇದನ್ನ ಸ್ವಲ್ಪ ಕನ್ನಡ ಮಾಡ್ಕೊಡಿ ಸಾರ್, ಸುಮ್ನೆ ಒಂದೇ ಸಾಲು.’ ಯಾರಿಗೆ, ಯಾತಕ್ಕೆ ಎನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಮೊನ್ನೆ ಮನೆ ಮಾಲೀಕರೊಬ್ಬರು ಫೋನು ಚಾಚಿ ತೋರಿಸಿದ ಸಾಲು ಇದು: ‘ಯು ಆರ್ ರಿಕ್ವೆಸ್ಟೆಡ್ ಟು ವೆಕೇಟ್ ದಿ ಹೌಸ್ ಬೈ ಥರ್ಟಿಯೆತ್ ಜೂನ್.’ ಮೇಷ್ಟ್ರು ಕನ್ನಡಕ ಏರಿಸಿ ಓದಿದರು, ಇಳಿಸಿ ಕೇಳಿದರು: ‘ಬಾಡಿಗೆಗಿರೋದು ಯಾರು?’

‘ಯಾರಾದ್ರೇನು ಸಾರ್? ಇಂಗ್ಲಿಷಲ್ಲಿ ಇದೆಯಲ್ಲ.’

ಇಂಗ್ಲಿಷಿನಲ್ಲಿ ಇದೆ ಎಂಬುದೇ ತೊಡಕು. ಅಲ್ಲಿನ ‘ಯು’ ಜಿಲ್ಲಾಧಿಕಾರಿಗೂ ಆಗುತ್ತದೆ, ಹಾಲು ಹಾಕುವ ಹುಡುಗನಿಗೂ ಆಗುತ್ತದೆ. ಕನ್ನಡದಲ್ಲಿ ಪೆನ್ನು ಊರುವ ಮೊದಲೇ ನೀನು, ನೀವು, ತಾವು ಮೂವರೂ ಬಾಗಿಲಲ್ಲಿ ನಿಂತಿರುತ್ತಾರೆ. ‘ತಾವು’ ಎಂದೇ ಬರೆದು ಪಾರಾಗೋಣವೆಂದರೆ, ದಿನಾ ಹೆಗಲ ಮೇಲೆ ಕೈಹಾಕಿ ಮಾತಾಡುವವನಿಗೆ ಅದು ಬೈಗುಳಕ್ಕಿಂತ ಕಟುವಾಗಿ ಕೇಳಿಸೀತು.

ಎರಡನೆಯ ಪ್ರಶ್ನೆ, ಈ ಕಾಗದದಿಂದ ಆಗಬೇಕಾದ ಕೆಲಸವೇನು? ಬರೀ ನೆನಪಿಸುವುದಾದರೆ ‘ಜೂನ್ ಕೊನೆಗೆ ಮನೆ ಖಾಲಿ ಮಾಡಿಕೊಟ್ಟರೆ ಉಪಕಾರವಾಗುತ್ತದೆ’ ಎಂದರೆ ಸಾಕು. ನಾಳೆ ಕೋರ್ಟಿಗೆ ಹೋಗುವ ಯೋಚನೆಯಿದ್ದರೆ ದಾರಿ ಬೇರೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 106ನೇ ಸೆಕ್ಷನ್ನಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಗೆ 15 ದಿನದ ನೋಟಿಸು ಕೊಡಬೇಕು. ಅದು ಬರವಣಿಗೆಯಲ್ಲಿರಬೇಕು, ಸಹಿ ಇರಬೇಕು. ಬಾಡಿಗೆ ಮುಗಿಸುವ ಇರಾದೆ ಅದರಲ್ಲಿ ಸ್ಪಷ್ಟವಾಗಿ ಕಾಣಬೇಕು. ಅಲ್ಲಿ ‘ಉಪಕಾರ’, ‘ಆದಷ್ಟು’, ‘ಸಾಧ್ಯವಾದರೆ’ ಇವೆಲ್ಲ ಎದುರು ಪಕ್ಷದ ವಕೀಲರಿಗೆ ಕೊಟ್ಟ ಕಾಣಿಕೆ. ವಕೀಲರ ಕನ್ನಡದಲ್ಲಾದರೆ ‘ಸ್ವಾಧೀನ ಬಿಟ್ಟುಕೊಡತಕ್ಕದ್ದು’ ಎಂದೇ ಬರಬೇಕು. ಆ ‘ತಕ್ಕದ್ದು’ವನ್ನು ಸ್ನೇಹಿತನಿಗೆ ಬರೆದರೆ ಮನೆಯ ಜೊತೆ ಸ್ನೇಹವೂ ಖಾಲಿ.

ಇನ್ನು ಆ ಪುಟ್ಟ ‘ಬೈ’. ‘ಜೂನ್ 30ರ ಒಳಗೆ’ ಎಂದು ಬರೆದರೆ 30ನೇ ತಾರೀಖು ಸೇರಿತೋ ಇಲ್ಲವೋ ಎಂದು ಲಾರಿ ಬಂದು ನಿಂತ ದಿನ ಚರ್ಚೆ ಹುಟ್ಟುತ್ತದೆ. ‘30ರಂದು ಅಥವಾ ಅದಕ್ಕೆ ಮೊದಲು’ ಎಂದರೆ ಚರ್ಚೆಯಿಲ್ಲ. ಆದರೆ ಮನೆಯವರ ನಡುವೆ ಯಾರೂ ಹಾಗೆ ಮಾತಾಡುವುದಿಲ್ಲ.

ಇಷ್ಟು ವಿವರಿಸಿದ ಮೇಲೆ ಮಾಲೀಕರು ಗುಟ್ಟು ಬಿಟ್ಟರು. ಬಾಡಿಗೆಗಿರುವವನು ಅವರ ಭಾವಮೈದ. ಸಾಲನ್ನು ಇಂಗ್ಲಿಷಿನಲ್ಲಿ ಕಳಿಸಿದ್ದೇ ಏಕವಚನವೋ ಬಹುವಚನವೋ ಎಂಬ ಫಜೀತಿ ತಪ್ಪಲೆಂದು! ಅವನಿಗೆ ಅದು ಅರ್ಥವೂ ಆಗಿದೆ. ಈಗ ಕನ್ನಡ ಬೇಕಾಗಿರುವುದು ಮಾವನವರಿಗೆ. ‘ನನ್ನ ಮಗನಿಗೆ ಅದೇನು ಬರೆದಿದ್ದೀರಿ ಅಳಿಯಂದಿರೇ’ ಎಂದು ಅವರು ಕೇಳಿದ್ದಾರೆ.

ಹಾಗಾದರೆ ‘ಯು’ವನ್ನು ಅನುವಾದಿಸುವ ಗೋಜೇ ಇಲ್ಲ. ಮೇಷ್ಟ್ರು ವರದಿಯ ರೂಪದಲ್ಲಿ ಬರೆದುಕೊಟ್ಟರು: ‘ಜೂನ್ 30ಕ್ಕೆ ಮನೆ ಬಿಟ್ಟುಕೊಡಬೇಕೆಂದು ಕೇಳಿಕೊಂಡಿದ್ದೇನೆ.’ ಮಾಲೀಕರು ಎರಡು ಸಲ ಓದಿ, ‘ಕೇಳಿಕೊಂಡಿದ್ದೇನೆ’ ಮೇಲೆ ಬೆರಳಿಟ್ಟು ತೃಪ್ತಿಪಟ್ಟರು.

ವಾರದೊಳಗೆ ಭಾವಮೈದನ ಉತ್ತರ ಬಂತು, ಎರಡು ಪುಟದ ಕನ್ನಡದಲ್ಲಿ. ‘ಇದನ್ನ ಇಂಗ್ಲಿಷ್ ಮಾಡ್ಕೊಡಿ ಸಾರ್.’ ಈ ಸಲ ಮಾಲೀಕರು ಕೇಳುವ ಮೊದಲೇ ಓದುಗರನ್ನು ಹೆಸರಿಸಿದರು: ನ್ಯೂಜೆರ್ಸಿಯಲ್ಲಿರುವ ಅಣ್ಣನ ಮಗಳು. ಮನೆಯಲ್ಲಿ ಅವಳಿಗೂ ಪಾಲಿದೆ, ಕನ್ನಡ ಓದಲು ಬರುವುದಿಲ್ಲ.

ಪತ್ರದ ಮುಕ್ಕಾಲು ಪಾಲು ಕ್ಷೇಮಸಮಾಚಾರ, ಹಿರಿಯರಿಗೆ ನಮಸ್ಕಾರ, ಮಗಳ ಪರೀಕ್ಷೆ. ವಕೀಲರಿಗಾದರೆ ಒಂದಕ್ಷರ ಬಿಡುವಂತಿಲ್ಲ. ಅಣ್ಣನ ಮಗಳಿಗೆ ಬೇಕಾದದ್ದು ‘ದೀಪಾವಳಿವರೆಗೆ ಅವಕಾಶ ಕೊಡಿ’ ಎಂಬ ಒಂದೇ ಬೇಡಿಕೆ. ಅದನ್ನೂ ಹಾಗೇ ದಾಟಿಸಿದರೆ ಪ್ರಯೋಜನವಿಲ್ಲ. ಹಬ್ಬ ಒಂದು ವರ್ಷ ಅಕ್ಟೋಬರಿನಲ್ಲಿ ಬರುತ್ತದೆ, ಇನ್ನೊಂದು ವರ್ಷ ನವೆಂಬರಿನಲ್ಲಿ. ಅದೂ ನರಕ ಚತುರ್ದಶಿಯಿಂದ ಬಲಿಪಾಡ್ಯಮಿವರೆಗೆ ಹಬ್ಬವೇ. ಅಲ್ಲಿ ಕೂತವಳಿಗೆ ತಾರೀಖು ಬೇಕು.

‘ಫೋನ್ ಮಾಡಿ ಕೇಳಿಬಿಡಿ’ ಎಂದರು ಮೇಷ್ಟ್ರು.

ಮಾಲೀಕರು ಸ್ಪೀಕರ್ ಹಾಕಿಯೇ ಕರೆ ಮಾಡಿದರು. ಎದುರಿಗೆ ಮೇಷ್ಟ್ರು ಇದ್ದಾರೆಂಬ ದಾಕ್ಷಿಣ್ಯಕ್ಕೆ ‘ನೀವು ಬರೆದಿದ್ದು ತಲುಪಿತು’ ಎಂದು ಶುರುವಾದ ಮಾತು ಮೂರನೇ ವಾಕ್ಯಕ್ಕೆ ‘ನೀನು ಹೇಳೋದು ಯಾವ ದಿನ’ ಎಂಬಲ್ಲಿಗೆ ಇಳಿಯಿತು, ಐದನೆಯದಕ್ಕೆ ‘ಲೋ, ಬಲಿಪಾಡ್ಯಮಿ ಮಾರನೇ ದಿನ ಬೀಗದ ಕೈ ಕೊಡ್ತೀಯೋ ಇಲ್ವೋ’ ಎಂಬಲ್ಲಿ ನಿಂತಿತು.