ನಾಲ್ಕು ಭಾಗ ಮಾಡ್ರೋ!

ಬಿಲ್ ಮೇಜಿಗೆ ಬಂದೊಡನೆ ಮಟನ್ ಬಿರಿಯಾನಿ ತಿಂದವನಿಗೆ ಸಮಾನತೆಯ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕುತ್ತದೆ: "ನಾಲ್ಕು ಭಾಗ ಮಾಡ್ರೋ!"

ನಾಲ್ವರೂ ಸೇರಿ ತಿಂದದ್ದು 2,000 ರೂಪಾಯಿಯದು. ಶೇ. 10 ಸರ್ವಿಸ್ ಚಾರ್ಜ್ ಸೇರಿ 2,200. ಅದರ ಮೇಲೆ ಶೇ. 5 ಜಿಎಸ್‌ಟಿ ಕೂತು 2,310. ತಲೆಗೆ ಐನೂರ ಎಪ್ಪತ್ತೇಳೂವರೆ. ಹೊಟ್ಟೆ ಸರಿಯಿಲ್ಲವೆಂದು 200 ರೂಪಾಯಿಯ ಮೊಸರನ್ನ ತಿಂದವನು, ಪಾಪ, ಕಕ್ಕಾಬಿಕ್ಕಿ! ಹಾಗಂತ ಅವನು ಬರೀ 200 ಕೊಟ್ಟು ಎದ್ದರೆ ಅದೂ ಮೋಸವೇ. ಒಟ್ಟು ಬಿಲ್ಲನ್ನು ತಿಂದದ್ದರ ಮೊತ್ತದಿಂದ ಭಾಗಿಸಿದರೆ 1.155. ಪ್ರತಿಯೊಬ್ಬರೂ ತಮ್ಮ ತಟ್ಟೆಯ ಬೆಲೆಯನ್ನು ಇದರಿಂದ ಗುಣಿಸಿದರಾಯಿತು. ಮೊಸರನ್ನಕ್ಕೆ 231.

ಅಂದಹಾಗೆ, ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ. ತೆಗೆಸಿದರೆ ಅದರ ಮೇಲಿನ ತೆರಿಗೆಯೂ ಹೋಗಿ ಬಿಲ್ 2,100ಕ್ಕೆ ಇಳಿಯುತ್ತದೆ. ಕೇಳುವುದಿದ್ದರೆ ಭಾಗ ಮಾಡುವ ಮೊದಲೇ ಕೇಳಿ.